ಅಪ್‌ಡೇಟ್: ಶಾಲಾ ವ್ಯಾನ್ ನಿಲ್ಲಿಸಿದ್ದಕ್ಕೆ ಫೀಸ್ ಹೊಂದಾಣಿಕೆ ಆಯ್ತು

ನನ್ನ ಪ್ರಶ್ನೆ: "ಬಳ್ಳಾರಿ ಕೌಲ್ ಬಜಾರಿನಿಂದ ಶಾಲೆ ಹತ್ತಿರಕ್ಕೇ ಮನೆ ಬದಲಿಸಿದ್ದೇವೆ. ವ್ಯಾನ್ ಬೇಡ. ಮಾರ್ಚ್‌ವರೆಗೆ ತಿಂಗಳಿಗೆ 1,200ರಂತೆ ಮೊದಲೇ ಕಟ್ಟಿದ್ದೇವೆ. ಪತ್ರ ಹೇಗೆ ಬರೆಯಲಿ?"

ಕೆಲಸ ಆಯ್ತು. ನನ್ನ ಪ್ರಶ್ನೆಗೆ ಉತ್ತರಿಸಿದ ಕೆಲವರು ಡ್ರೈವರ್‌ಗೆ ಹೇಳಿದರೆ ಸಾಕು ಅಂದಿದ್ದರಲ್ವಾ, ಅದು ನಡೆಯಲಿಲ್ಲ. ಆಫೀಸಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಮನೆ ಬದಲಿಸಿದ್ದಕ್ಕೆ ಪುರಾವೆ ಅಂತ ಬಾಡಿಗೆ ಕರಾರು ಸುಮ್ನೆ ಜೆರಾಕ್ಸ್ ಮಾಡಿಸಿದೆ, ಯಾರೂ ಕೇಳಲಿಲ್ಲ.

"ದುಡ್ಡು ವಾಪಸ್ ಕೇಳಬೇಡಿ, ಮುಂದಿನ ಕಂತಿಗೆ ಹೊಂದಿಸಿ ಅನ್ನಿ" ಅಂದವರ ಸಲಹೆ ಫಲಿಸಿತು. ಪತ್ರದಲ್ಲಿ ಹೀಗೆ ಬರೆದೆ: "ನವೆಂಬರ್ 30ರಿಂದ ನನ್ನ ಮಗಳಿಗೆ ವ್ಯಾನ್ ಸೇವೆ ನಿಲ್ಲಿಸಿ, ಉಳಿದ ತಿಂಗಳುಗಳ ಹಣವನ್ನು ಮೂರನೇ ಕಂತಿನ ಫೀಸಿಗೆ ಹೊಂದಿಸಬೇಕೆಂದು ಕೋರುತ್ತೇನೆ." ತರಗತಿ, ವ್ಯಾನ್ ನಂಬರ್, ರಸೀದಿ ನಂಬರ್ ಸೇರಿಸಿ, ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಂಡೆ.

ಆಶ್ಚರ್ಯ ಅಂದ್ರೆ, ರಸೀದಿ ಹಿಂದೆ ಸಣ್ಣಕ್ಷರದಲ್ಲಿ ಒಂದು ತಿಂಗಳ ನೋಟಿಸ್ ನಿಯಮ ಇತ್ತು! ಡಿಸೆಂಬರ್ ಹಣ ಹೋಯ್ತು. ಜನವರಿಯಿಂದ ಮಾರ್ಚ್‌ವರೆಗಿನ 3,600 ರೂಪಾಯಿ ಕಂತಿನಲ್ಲಿ ಕಳೆದರು.