ಸಹಾಯ ಬೇಕು: ಹನಿ ನಿಲ್ಲಬೇಕಾದ ಟ್ಯೂಬ್ ಮೇಲೆ ನೀರಿನ ಪೊರೆ

ನಮಸ್ಕಾರ. ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹೀಟ್ ಟ್ರಾನ್ಸ್‌ಫರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಂಡೆನ್ಸೇಶನ್ ಪ್ರಯೋಗದಲ್ಲಿ ಎರಡು ತಾಮ್ರದ ಟ್ಯೂಬ್‌ಗಳಿವೆ. ಒಂದು ಬರೀ ತಾಮ್ರ, ಇನ್ನೊಂದಕ್ಕೆ ಕ್ರೋಮ್ ಲೇಪನ. ಒಳಗೆ ತಣ್ಣೀರು, ಹೊರಗೆ ಆವಿ.

ಬರೀ ತಾಮ್ರದ ಮೇಲೆ ನೀರು ಪೊರೆಯಾಗಿ ಹರಡುತ್ತದೆ. ಆವಿಯ ಶಾಖವೆಲ್ಲ ಆ ಪೊರೆ ದಾಟಿಯೇ ಲೋಹಕ್ಕೆ ಬರಬೇಕು. ಪೊರೆಯ ದಪ್ಪ δ 0.1 ಮಿಲಿಮೀಟರ್, ನೀರಿನ ಶಾಖವಾಹಕತೆ k 0.68 ಇದ್ದರೆ, ಶಾಖ ವರ್ಗಾವಣೆ ಗುಣಾಂಕ h = k/δ = 0.68/0.0001, ಅಂದರೆ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ 6800 ವ್ಯಾಟ್.

ಲೇಪನದ ಮೇಲೆ ನೀರು ಹನಿಯಾಗಿಯೇ ನಿಲ್ಲಬೇಕು. ದೊಡ್ಡ ಹನಿ ಜಾರುವಾಗ ದಾರಿಯಲ್ಲಿದ್ದ ಹನಿಗಳನ್ನೆಲ್ಲ ಒರೆಸಿಕೊಂಡು ಹೋಗುತ್ತದೆ. ಖಾಲಿಯಾದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಹುಟ್ಟುತ್ತವೆ. ಶಾಖ ಹೆಚ್ಚಾಗಿ ದಾಟುವುದು ಈ ಸಣ್ಣ ಹನಿಗಳ ಮೂಲಕವೇ, ಅವುಗಳಲ್ಲಿ ನೀರಿನ ದಪ್ಪ ತೀರಾ ಕಡಿಮೆ ಅಲ್ವಾ. ಹಾಗಾಗಿ h ಹತ್ತು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಬರಬಹುದು.

ಈಗ ನಮ್ಮ ಕ್ರೋಮ್ ಟ್ಯೂಬ್ ಮೇಲೆ ಅಲ್ಲಲ್ಲಿ ಹನಿಗಳು ಒಂದಕ್ಕೊಂದು ಸೇರಿ ಪೊರೆಯಾಗುತ್ತಿವೆ. ಅಂಥ ಕಡೆ ಲೇಪನ ಮಂಕಾಗಿದೆ. ಆವಿ ತುಂಬುವ ಕೋಣೆಯೊಳಗಿನ ಗಾಳಿಯನ್ನು ಪೂರ್ತಿ ಹೊರಗೆ ಬಿಟ್ಟ ಮೇಲೂ ಹೀಗೇ ಇದೆ.

ಟೆಫ್ಲಾನ್ ಹಚ್ಚಿಸಿ ಎಂದು ಒಬ್ಬರು ಹೇಳಿದರು. ಅದರ k ಸುಮಾರು 0.25. 20 ಮೈಕ್ರಾನ್ ಹಚ್ಚಿದರೂ ಆ ಪದರವೇ h ಅನ್ನು 12,500ಕ್ಕೆ ಕಟ್ಟಿಹಾಕುತ್ತದೆ. ಹನಿಯಿಂದ ಬಂದ ಲಾಭ ಬಹುಪಾಲು ಅಲ್ಲೇ ಹೋಯಿತು.

ಇಂಥ ಟ್ಯೂಬ್‌ಗೆ ಮತ್ತೆ ಕ್ರೋಮ್ ಮಾಡಿಸಿದವರು ಇದ್ದೀರಾ? ಕ್ರೋಮ್ ಬದಲು ತಾಮ್ರಕ್ಕೆ ಸ್ಟಿಯರಿಕ್ ಆಸಿಡ್ ಹಚ್ಚಿದವರಿದ್ದರೆ, ಆ ತೆಳು ಪದರ ಆವಿಯಲ್ಲಿ ಎಷ್ಟು ದಿನ ನಿಂತಿತು? ಹಚ್ಚುವ ಮೊದಲು ತಾಮ್ರವನ್ನು ಹೇಗೆ ತೊಳೆದಿರಿ? ದಯವಿಟ್ಟು ತಿಳಿಸಿ.