ಅಪ್‌ಡೇಟ್: ತಂಗಿಯ ಪ್ರೊಫೈಲಿನಲ್ಲಿ ಫಿಟ್ಸ್ ವಿಷಯ

ನಾನು ಕೇಳಿದ್ದು: "ತಂಗಿಗೆ ಫಿಟ್ಸ್ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಮದುವೆ ಪ್ರೊಫೈಲಿನಲ್ಲಿ ಬರೆಯಬೇಕಾ?"

ಕಾಯಿಲೆಯ ಹೆಸರು ಹಾಕಲಿಲ್ಲ. "ಚಿಕಿತ್ಸೆಯಿಂದ ಹತೋಟಿಯಲ್ಲಿರುವ ಆರೋಗ್ಯ ಸಮಸ್ಯೆಯೊಂದಿದೆ, ಮಾತು ಮುಂದುವರಿದರೆ ವಿವರ ತಿಳಿಸುತ್ತೇವೆ" ಎಂಬ ಒಂದೇ ಸಾಲು ಹಾಕಿದೆವು. ಪ್ರೊಫೈಲಿನ ಸ್ಕ್ರೀನ್‌ಶಾಟ್ ದಲ್ಲಾಳಿಗಳ ವಾಟ್ಸಾಪ್ ಗುಂಪಿಗೆ ಹೋದರೆ ಮತ್ತೆ ಅಳಿಸಲಾಗದು. ಬದಿಯಡ್ಕದಲ್ಲಿ ಹಾಕಿದ್ದು ಸಂಜೆಯೊಳಗೆ ಮಂಜೇಶ್ವರದಲ್ಲಿರುತ್ತದೆ! ಮಾತ್ರೆ, ಆಸ್ಪತ್ರೆ, ಡಾಕ್ಟರ ಹೆಸರನ್ನೂ ಬಿಟ್ಟೆವು.

ಹಾಗೆಂದು ಮುಚ್ಚಿಡುವಂತಿಲ್ಲ. 1999ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಯ ಷರತ್ತುಗಳಿಂದ ಅಪಸ್ಮಾರವನ್ನು ತೆಗೆದಿದ್ದಾರೆ, ಆದ್ದರಿಂದ ಫಿಟ್ಸ್ ಇದ್ದ ಮಾತ್ರಕ್ಕೆ ಮದುವೆಗೆ ಕಾನೂನಿನ ಅಡ್ಡಿಯಿಲ್ಲ. ಆದರೆ ಮುಖ್ಯ ವಿಷಯ ಮರೆಮಾಚಿದರೆ ಸೆಕ್ಷನ್ 12ರಡಿ ವಂಚನೆಯೆಂದು ಮದುವೆ ರದ್ದತಿಗೆ ಅರ್ಜಿ ಹಾಕಬಹುದು.

ಜಾತಕ ಕೂಡಿಬಂದ ಮೇಲೆ, ಹುಡುಗಿ ನೋಡಲು ಬರುವ ಮೊದಲೇ ಫೋನಿನಲ್ಲಿ ಹೇಳುವುದು. ಕೊನೆಯ ಬಾರಿ ಫಿಟ್ಸ್ ಬಂದದ್ದು ಯಾವಾಗ, ಮಾತ್ರೆ ದಿನಕ್ಕೆ ಎಷ್ಟು ಸಲ, ನಿದ್ದೆಗೆಟ್ಟರೆ ಏನಾಗುತ್ತದೆ, ಇಷ್ಟು ಸಾಕು. ಆಮೇಲೆ "ಇಂದು ಫೋನಿನಲ್ಲಿ ತಿಳಿಸಿದಂತೆ ಅವಳಿಗೆ ಅಪಸ್ಮಾರವಿದೆ" ಎಂದು ಹುಡುಗನಿಗೇ ಒಂದು ಮೆಸೇಜ್. ಹೇಳಿದ್ದಕ್ಕೆ ಅದೇ ದಾಖಲೆ. ರಿಪೋರ್ಟು ಎದುರಿಗೆ ತೋರಿಸುವುದು, ಫೋಟೋ ಕಳಿಸುವುದಿಲ್ಲ.