ಸಹಾಯ ಬೇಕು: ಸ್ಟ್ರೋಕ್ ನಂತರದ ಸನ್ನೆ ಅನುಕರಣೆ ಪರೀಕ್ಷೆಯಲ್ಲಿ ಯಾವ ಅಂಕವನ್ನು ನಂಬಬೇಕು?

ಎಲ್ಲರಿಗೂ ನಮಸ್ಕಾರ. ಮಿದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಗಿರುವ ಒಬ್ಬರಿಗೆ, ಕೈಗೆ ಶಕ್ತಿಯಿದ್ದರೂ ಸನ್ನೆಗಳನ್ನು ಸರಿಯಾಗಿ ಮಾಡಲಾಗದ ಐಡಿಯೋಮೋಟರ್ ಅಪ್ರಾಕ್ಸಿಯಾ ಇದೆಯೇ ಎಂದು ನಾನು ಪರೀಕ್ಷಿಸುತ್ತಿದ್ದೇನೆ. ಅವರ ಬಲಗೈಗೆ ಶಕ್ತಿಯಿಲ್ಲ, ಜೊತೆಗೆ ಅಫೇಸಿಯಾ, ಅಂದರೆ ಮಿದುಳಿನ ಹಾನಿಯಿಂದಾದ ಭಾಷೆಯ ತೊಂದರೆ ಇದೆ. ಬಾಯಿಮಾತಿನ ಸೂಚನೆಯನ್ನು ಪಾಲಿಸದಿದ್ದರೆ ಅದು ಭಾಷೆಯ ತೊಂದರೆಯೋ ಚಲನೆಯ ತೊಂದರೆಯೋ ತಿಳಿಯುವುದಿಲ್ಲವಾದ್ದರಿಂದ, ಎದುರಿಗೆ ಕುಳಿತು ಸನ್ನೆ ಮಾಡಿ ತೋರಿಸಿ, ಎಡಗೈಯಿಂದ ಅನುಕರಿಸಲು ಹೇಳುತ್ತಿದ್ದೇನೆ. ಕನ್ನಡಿಯಲ್ಲಿ ಕಾಣುವಂತೆ ಮಾಡಿದರೂ ಸರಿಯೆಂದೇ ಎಣಿಸುತ್ತೇನೆ. ಮೊದಲ ಸಲಕ್ಕೇ ಸರಿಯಾದರೆ 3, ಎರಡನೆಯ ಸಲಕ್ಕೆ 2, ಮೂರನೆಯ ಸಲಕ್ಕೆ 1, ಆಗಲೂ ತಪ್ಪಿದರೆ 0 ಅಂಕ.

ಸೆಲ್ಯೂಟ್‌ನಂತಹ ಅರ್ಥವಿರುವ ಸನ್ನೆಗಳನ್ನೂ, ಅಂಗೈಯ ಹಿಂಬದಿಯನ್ನು ಗಲ್ಲದ ಕೆಳಗಿಡುವಂತಹ ಅರ್ಥವಿಲ್ಲದ ಭಂಗಿಗಳನ್ನೂ ಬೆರೆಸಿ ತೋರಿಸಿದಾಗ ಎರಡರಲ್ಲೂ ತಪ್ಪುಗಳಾದವು: ಸೆಲ್ಯೂಟ್ ಮಾಡುವಾಗ ಕೈ ಹಣೆಯ ಬಳಿಗೆ ಬಂದರೂ ಅಂಗೈ ತಪ್ಪು ದಿಕ್ಕಿಗೆ ತಿರುಗಿತ್ತು. ಇನ್ನೊಂದು ದಿನ ಎರಡೂ ಬಗೆಗಳನ್ನು ಬೇರೆ ಬೇರೆ ಗುಂಪುಗಳಾಗಿ ತೋರಿಸಿದಾಗ ಅರ್ಥವಿರುವ ಸನ್ನೆಗಳು ಬಹುತೇಕ ಸರಿಯಾದವು, ಅರ್ಥವಿಲ್ಲದವು ಹಾಗೆಯೇ ಉಳಿದವು.

ಬೆರೆತ ಪಟ್ಟಿಯಲ್ಲಿ ಮುಂದಿನದು ಯಾವ ಬಗೆಯೆಂದು ಊಹಿಸಲಾಗದೆ, ಪರಿಚಿತ ಸನ್ನೆಯನ್ನೂ ನೆನಪಿನಿಂದ ತೆಗೆಯದೆ ಕಂಡ ಆಕಾರವನ್ನೇ ನೇರವಾಗಿ ನಕಲು ಮಾಡುತ್ತಾರೆ ಎಂಬ ವಿವರಣೆ ನನಗೆ ಒಪ್ಪಿಗೆಯಾಗುತ್ತದೆ. ಆದರೆ ಅಭ್ಯಾಸದಿಂದಲೂ ಅಂಕ ಏರಿರಬಹುದಲ್ಲವೇ? ಚಿಕಿತ್ಸೆಯ ಗುರಿ ಇದರ ಮೇಲೆಯೇ ನಿಂತಿರುವುದರಿಂದ ಊಹೆಯ ಮೇಲೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಅನುಭವವಿರುವವರು ದಯವಿಟ್ಟು ತಿಳಿಸಿ: ವರದಿಯಲ್ಲಿ ಬೆರೆತ ಪಟ್ಟಿಯ ಅಂಕವನ್ನು ಬರೆಯಬೇಕೇ, ಬೇರ್ಪಡಿಸಿದ ಗುಂಪುಗಳ ಅಂಕವನ್ನೇ? ಅಭ್ಯಾಸದ ಪರಿಣಾಮವನ್ನು ತಳ್ಳಿಹಾಕಲು ಬೆರೆತ ಪಟ್ಟಿಯನ್ನು ಮತ್ತೊಮ್ಮೆ ಕೊಟ್ಟರೆ ಸಾಕೇ?